ಮಾರಿದ ಹಣ ಕೈಸೇರುವ ಮುನ್ನ

ಆನ್‌ಲೈನ್ ಮಾರುಕಟ್ಟೆಯಲ್ಲಿ ಗ್ರಾಹಕ ಕೊಟ್ಟ ಹಣ ನೇರವಾಗಿ ಮಾರಾಟಗಾರನಿಗೆ ಹೋಗುವುದಿಲ್ಲ. ಇಳಕಲ್ ಸೀರೆಯೊಂದು 2,000 ರೂಪಾಯಿಗೆ ಮಾರಾಟವಾಯಿತು ಎನ್ನೋಣ. ಶೇ. 10ರಂತೆ ಕಮಿಷನ್ 200, ಸಾಗಣೆ ಶುಲ್ಕ 80. ಈ 280ರ ಮೇಲೆ ಶೇ. 18 ಜಿಎಸ್‌ಟಿ 50.40. ಮೂಲದಲ್ಲೇ ಕಡಿತವಾಗುವ ತೆರಿಗೆಗಳನ್ನು ಬದಿಗಿಟ್ಟರೆ ಮಾರಾಟಗಾರನಿಗೆ ಉಳಿಯುವುದು 1,669.60 ರೂಪಾಯಿ. ಸೀರೆ ವಾಪಸ್ ಮಾಡುವ ಅವಧಿ ಮುಗಿಯುವವರೆಗೆ ಈ ಮೊತ್ತವನ್ನು ತಡೆಹಿಡಿಯಲಾಗುತ್ತದೆ.

ತೊಡಕು ಶುರುವಾಗುವುದು ಹಣ ಪಾವತಿಯಾದ ಮೇಲೆ ಸೀರೆ ಹಿಂದಿರುಗಿದಾಗ. ಗ್ರಾಹಕನಿಗೆ ಪೂರ್ತಿ 2,000 ಮರಳಿಸಬೇಕು. ಸಾಮಾನ್ಯವಾಗಿ ಕಮಿಷನ್ ಮತ್ತು ಅದರ ತೆರಿಗೆ, ಒಟ್ಟು 236, ಮಾರಾಟಗಾರನ ಖಾತೆಗೆ ಮರಳುತ್ತದೆ. ಹೋದ ಸಾಗಣೆಯ ಶುಲ್ಕ ಮರಳುವುದಿಲ್ಲ. ವಾಪಸ್ ಸಾಗಣೆಯ ಹೊರೆಯೂ ಅವನದೇ ಆದರೆ ತೆರಿಗೆ ಸೇರಿ ಇನ್ನೂ 94.40. ಹಾಗಾಗಿ ಮುಂದಿನ ಪಾವತಿಯಿಂದ 1,858.40 ಕಡಿತವಾಗುತ್ತದೆ, ಕೊಟ್ಟಿದ್ದಕ್ಕಿಂತ 188.80 ಹೆಚ್ಚು. ಈ ವ್ಯತ್ಯಾಸವೇ ಮಾರಾಟಗಾರನ ನಿಜವಾದ ನಷ್ಟ.

ಇಲ್ಲಿ ಪದೇಪದೇ ಆಗುವ ತಪ್ಪೊಂದಿದೆ: ಮಾರಿದ ದಿನದ ಕಮಿಷನ್ ದರ ಬಿಟ್ಟು, ವಾಪಸಾದ ದಿನದ ದರದಲ್ಲಿ ಲೆಕ್ಕ ಹಾಕುವುದು. ದರ ಆ ನಡುವೆ ಶೇ. 8ಕ್ಕೆ ಇಳಿದಿದ್ದರೆ 236ರ ಬದಲು 188.80 ಮಾತ್ರ ಮರಳುತ್ತದೆ. ವಾರದ ಒಟ್ಟು ಮೊತ್ತದಲ್ಲಿ ಇದು ಕಾಣುವುದಿಲ್ಲ. ಒಂದೇ ಆರ್ಡರ್ ಸಂಖ್ಯೆಯ ಮಾರಾಟ, ವಾಪಸ್ ಎರಡೂ ಸಾಲುಗಳನ್ನು ಜೋಡಿಸಿದಾಗ ಕಮಿಷನ್ ಸೊನ್ನೆಗೆ ಬರದಿದ್ದರೆ ತಪ್ಪು ಸಿಕ್ಕಿತೆಂದೇ ಅರ್ಥ.