ಲಲ್ಮನ್ ಶುಕ್ಲಾಗೆ ಬಹುಮಾನ ಏಕೆ ಸಿಗಲಿಲ್ಲ?

1913ರ ಜನವರಿಯಲ್ಲಿ ಕಾನ್ಪುರದ ಗೌರಿ ದತ್ತ ಅವರ ಮನೆತನದ ಹುಡುಗನೊಬ್ಬ ಹೇಳದೆ ಕೇಳದೆ ಮನೆ ಬಿಟ್ಟು ಹೋದ. ಹುಡುಕಲು ಆಳುಗಳು ಬೇರೆ ಬೇರೆ ಊರಿಗೆ ಹೊರಟರು. ಅವರ ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಮುನೀಮ ಲಲ್ಮನ್ ಶುಕ್ಲಾನನ್ನು ರೈಲು ಖರ್ಚು ಕೊಟ್ಟು ಹರಿದ್ವಾರಕ್ಕೆ ಕಳಿಸಿದರು. ಆತ ಹೊರಟ ಮೇಲೆ, ಹುಡುಗನನ್ನು ಪತ್ತೆ ಮಾಡಿದವರಿಗೆ 501 ರೂಪಾಯಿ ಬಹುಮಾನ ಎಂಬ ಕರಪತ್ರ ಹೊರಬಿತ್ತು. ಶುಕ್ಲಾ ಋಷಿಕೇಶದಲ್ಲಿ ಹುಡುಗನನ್ನು ಕಂಡುಹಿಡಿದು ತಂತಿ ಕಳಿಸಿದ. ಅವನಿಗೆ ಸಿಕ್ಕಿದ್ದು ಎರಡು ಸವರನ್ ನಾಣ್ಯ, ಊರಿಗೆ ಬಂದ ಮೇಲೆ ಇನ್ನೂ 20 ರೂಪಾಯಿ. ಸುಮಾರು ಆರು ತಿಂಗಳ ನಂತರ ಕೆಲಸ ಹೋದಾಗ ಬಹುಮಾನದ ಬಾಕಿ 499 ರೂಪಾಯಿಗೆ ದಾವೆ ಹೂಡಿದ. ಕೆಳಗಿನ ನ್ಯಾಯಾಲಯದಲ್ಲೂ ಸೋತ, ಅಲಹಾಬಾದ್ ಹೈಕೋರ್ಟಿನಲ್ಲೂ ಸೋತ.

ಕರಾರು ಕಾಯ್ದೆ ಓದುವ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಗೂ ಈ ಪ್ರಕರಣ ಗೊತ್ತು. ತರಗತಿಯ ಪಿಪಿಟಿಯಲ್ಲಿ ಇದಕ್ಕೆ ಸಿಗುವ ಜಾಗ ಸಾಮಾನ್ಯವಾಗಿ ಒಂದೇ ಸ್ಲೈಡ್. ಸಂಗತಿಗಳು ಮೂರು ಸಾಲು. ಆಮೇಲೆ ‘ಪ್ರಶ್ನೆ: ವಾದಿಗೆ ಬಹುಮಾನ ಸಿಗಬೇಕೆ?’, ಕೊನೆಗೆ ‘ತೀರ್ಪು: ಪ್ರಸ್ತಾಪದ ಅರಿವಿಲ್ಲ, ನೌಕರನಾಗಿದ್ದ, ದಾವೆ ವಜಾ’. ಪಾಠ ಹೇಳುವವರಿಗೆ ಅದು ನೆನಪಿನ ಚೀಟಿ, ನಡುವಿನ ತರ್ಕವನ್ನು ಅವರು ಬಾಯಲ್ಲಿ ತುಂಬಿಸುತ್ತಾರೆ. ಅದನ್ನೇ ನಕಲು ಮಾಡಿಕೊಂಡ ವಿದ್ಯಾರ್ಥಿಯ ಕೈಯಲ್ಲಿ ಉಳಿಯುವುದು ಕಥೆ ಮತ್ತು ಫಲಿತಾಂಶ ಮಾತ್ರ. ಪರೀಕ್ಷೆಯ ಸಮಸ್ಯೆಯಲ್ಲಿ ಕಥೆ ಬೇರೆ, ಫಲಿತಾಂಶವೂ ಬೇರೆ ಇರಬಹುದು.

ವಿವಾದಾಂಶ, ನಿಯಮ, ಅನ್ವಯ, ತೀರ್ಮಾನ ಎಂಬ ನಾಲ್ಕು ಮೆಟ್ಟಿಲ ‘ಐರ್ಯಾಕ್’ ವಿಧಾನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲ ಕೆಲಸ ಸರಳ: ಸ್ಲೈಡಿನ ಪ್ರತಿ ಸಾಲಿನ ಪಕ್ಕದಲ್ಲೂ ಅದು ಸಂಗತಿಯೋ, ವಿವಾದಾಂಶವೋ, ನಿಯಮವೋ, ಅನ್ವಯವೋ, ತೀರ್ಮಾನವೋ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಹೀಗೆ ಮಾಡಿದರೆ ಅನ್ವಯದ ಮನೆ ಬಹುತೇಕ ಖಾಲಿ ಬೀಳುತ್ತದೆ. ಅದನ್ನು ತುಂಬುವುದೇ ಟಿಪ್ಪಣಿಯ ನಿಜವಾದ ಕೆಲಸ.

ವಿವಾದಾಂಶವನ್ನೂ ತಿದ್ದಿ ಬರೆಯಬೇಕಾಗುತ್ತದೆ. ‘ಬಹುಮಾನ ಸಿಗಬೇಕೆ?’ ಎಂಬುದು ಕಕ್ಷಿದಾರ ಕೇಳುವ ಪ್ರಶ್ನೆ. ಕಾನೂನಿನ ಪ್ರಶ್ನೆಯಲ್ಲಿ ಒಂದು ಕಾನೂನಿನ ಅಂಶ, ಅದನ್ನು ಕೆಣಕುವ ಒಂದು ಸಂಗತಿ ಎರಡೂ ಇರಬೇಕು. ಉದಾಹರಣೆಗೆ: ಪ್ರಸ್ತಾಪ ಹೊರಬಿದ್ದದ್ದೇ ಗೊತ್ತಿಲ್ಲದೆ ಅದರಲ್ಲಿ ಹೇಳಿದ ಕೆಲಸ ಮಾಡಿ ಮುಗಿಸಿದರೆ, ಅದು ಪ್ರಸ್ತಾಪದ ಸ್ವೀಕಾರವಾಗುತ್ತದೆಯೇ?

ನಿಯಮದ ಮನೆಗೆ 1872ರ ಕರಾರು ಕಾಯ್ದೆಯ 8ನೇ ಕಲಂ ಬರುತ್ತದೆ. ಪ್ರಸ್ತಾಪದ ಷರತ್ತನ್ನು ನೆರವೇರಿಸುವುದೇ ಸ್ವೀಕಾರ ಎಂಬುದು ಅದರ ಸಾರ. ಶುಕ್ಲಾನ ಪರ ವಕೀಲರು ಹಿಡಿದದ್ದೂ ಇದನ್ನೇ: ಕೆಲಸ ಆಗಿದೆ, ಅರಿವಿತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ. ಅರಿವಿಲ್ಲದೆ ಸ್ವೀಕಾರವಿಲ್ಲ, ಸ್ವೀಕಾರವಿಲ್ಲದೆ ಕರಾರಿಲ್ಲ ಎಂದು ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಟಿಪ್ಪಣಿಯಲ್ಲಿ ಕಲಂ ಒಂದನ್ನೇ ಬರೆದರೆ ಸೋತವನ ವಾದವನ್ನೇ ಬರೆದಂತಾಗುತ್ತದೆ. ನ್ಯಾಯಾಲಯ ಅದಕ್ಕೆ ಸೇರಿಸಿದ ‘ಅರಿವು’ ಎಂಬ ಅಂಶವೂ ಜೊತೆಗಿರಬೇಕು.

ಇನ್ನು ಅನ್ವಯ. ‘ಅರಿವಿಲ್ಲ, ನೌಕರನಾಗಿದ್ದ’ ಎಂಬ ಒಂದು ಸಾಲಿನೊಳಗೆ ಎರಡು ಬೇರೆ ಬೇರೆ ಕಾರಣಗಳು ಅಂಟಿಕೊಂಡಿವೆ. ಅವನ್ನು ಬಿಡಿಸಲು ಒಂದೊಂದೇ ಸಂಗತಿಯನ್ನು ತೆಗೆದು ನೋಡಬೇಕು. ಶುಕ್ಲಾ ನೌಕರನಲ್ಲ, ದಾರಿಹೋಕ ಎಂದುಕೊಳ್ಳೋಣ. ಕರಪತ್ರದ ಅರಿವಿಲ್ಲದಿದ್ದರೆ ಆಗಲೂ ಅವನು ಸೋಲುತ್ತಾನೆ. ಕರಪತ್ರ ಓದಿಯೇ ಹುಡುಕಾಟ ಮುಂದುವರಿಸಿದ ನೌಕರ ಎಂದುಕೊಂಡರೆ? ಆಗ ಎರಡನೆಯ ಕಾರಣ ಎದ್ದು ನಿಲ್ಲುತ್ತದೆ: ಹುಡುಕುವ ಹೊಣೆಯನ್ನು ಅವನು ಮೊದಲೇ ಹೊತ್ತಿದ್ದ. ಇರುವ ಹೊಣೆಯನ್ನೇ ಪೂರೈಸುವುದು ಹೊಸ ವಚನಕ್ಕೆ ಪ್ರತಿಫಲ ಆಗುವುದಿಲ್ಲ. ಹಾಗಾಗಿ ಟಿಪ್ಪಣಿಯಲ್ಲಿ ಎರಡು ಅನ್ವಯಗಳಿರಬೇಕು, ಒಂದು ಅರಿವಿನ ಬಗ್ಗೆ, ಇನ್ನೊಂದು ಪ್ರತಿಫಲದ ಬಗ್ಗೆ.

ಇಲ್ಲಿಯೇ ಬಹಳ ಜನ ಎಡವುತ್ತಾರೆ. ‘ಹುಡುಗನನ್ನು ಹುಡುಕುವುದು ಮುನೀಮನ ಕರ್ತವ್ಯವಾಗಿತ್ತು’ ಎಂದು ಉತ್ತರಪತ್ರಿಕೆಯಲ್ಲಿ ಬರೆದುಬಿಡುತ್ತಾರೆ. ತೀರ್ಪು ಹೇಳುವುದು ಬೇರೆ. ಯಜಮಾನರ ಸಂಬಂಧಿಯನ್ನು ಹುಡುಕುವುದು ಮುನೀಮನ ದಿನನಿತ್ಯದ ಕೆಲಸವಲ್ಲ ಎಂದು ನ್ಯಾಯಮೂರ್ತಿ ಬ್ಯಾನರ್ಜಿ ಒಪ್ಪುತ್ತಾರೆ. ಹರಿದ್ವಾರಕ್ಕೆ ಹೋಗಲು ಒಪ್ಪಿಕೊಂಡಾಗ ಅವನು ಆ ಹೊಣೆಯನ್ನು ಹೊತ್ತ, ಅದೂ ಬಹುಮಾನ ಸಾರುವ ಮೊದಲೇ, ಎನ್ನುತ್ತಾರೆ. ತೂಕವಿರುವುದು ಹುದ್ದೆಯ ಮೇಲಲ್ಲ, ಒಪ್ಪಿಗೆಯ ಹೊತ್ತಿನ ಮೇಲೆ. ಇಷ್ಟು ಸೂಕ್ಷ್ಮ ಸ್ಲೈಡಿನಲ್ಲಿ ಹಿಡಿಯುವುದಿಲ್ಲ. ತೀರ್ಪು ಚಿಕ್ಕದು, ಒಮ್ಮೆ ಮೂಲವನ್ನೇ ಓದಿ ಸ್ಲೈಡಿನೊಂದಿಗೆ ತಾಳೆ ನೋಡುವುದಕ್ಕೆ ಹೆಚ್ಚು ಸಮಯ ಬೇಕಿಲ್ಲ.

ಟಿಪ್ಪಣಿಯ ಅಂಚಿನಲ್ಲಿ ಎದುರು ದಿಕ್ಕಿನ ಒಂದು ಪ್ರಕರಣವೂ ಇದ್ದರೆ ಒಳ್ಳೆಯದು. 1925ರಲ್ಲಿ ವರದಿಯಾದ ಹರ್‌ಭಜನ್ ಲಾಲ್ ಪ್ರಕರಣ ಅದೇ ಹೈಕೋರ್ಟಿನದು. ಕಾಣೆಯಾದ ಮಗನನ್ನು ಹುಡುಕಿ ಮನೆಗೆ ಕರೆತಂದವರಿಗೆ 500 ರೂಪಾಯಿ ಎಂದು ತಂದೆ ಸಾರಿದ್ದರು. ಅದನ್ನು ಓದಿದ್ದ ವಾದಿ ಹುಡುಗನನ್ನು ಗುರುತಿಸಿ, ರೈಲ್ವೆ ಪೊಲೀಸ್ ಠಾಣೆಗೆ ಒಯ್ದು, ತಂದೆಗೆ ತಂತಿ ಕಳಿಸಿದ. ಮನೆಗೆ ಕರೆತರಲಿಲ್ಲವೆಂಬ ತಕರಾರು ನಿಲ್ಲಲಿಲ್ಲ. ಷರತ್ತು ಮುಖ್ಯವಾಗಿ ನೆರವೇರಿದೆ ಎಂದು ಬಹುಮಾನ ಕೊಡಿಸಲಾಯಿತು. ಇಬ್ಬರೂ ಹುಡುಗನನ್ನು ಪತ್ತೆ ಮಾಡಿದವರೇ, ತಂತಿ ಕಳಿಸಿದವರೇ. ಒಬ್ಬನಿಗೆ ಅರಿವಿತ್ತು, ಮೊದಲಿನ ಹೊಣೆ ಇರಲಿಲ್ಲ. ಇನ್ನೊಬ್ಬನಿಗೆ ಹೊಣೆ ಇತ್ತು, ಅರಿವಿರಲಿಲ್ಲ.

ಪರೀಕ್ಷೆಯಲ್ಲಿ ಹೀಗೊಂದು ಸಮಸ್ಯೆ ಬಂತು ಎನ್ನೋಣ. ಧಾರವಾಡದ ಮಂಜುನಾಥ ತನ್ನ ನಾಯಿಯನ್ನು ತಂದುಕೊಟ್ಟವರಿಗೆ 10,000 ರೂಪಾಯಿ ಎಂದು ಬೀದಿಯಲ್ಲಿ ಚೀಟಿ ಅಂಟಿಸುತ್ತಾನೆ. ಚೀಟಿ ನೋಡದ ಶಾಂತಾ ಬೆಳಿಗ್ಗೆ ನಾಯಿಯನ್ನು ಕಂಡು ಮನೆಯಲ್ಲಿ ಕಟ್ಟಿಹಾಕುತ್ತಾಳೆ. ಸಂಜೆ ಚೀಟಿ ಕಣ್ಣಿಗೆ ಬಿದ್ದ ಮೇಲೆ ನಾಯಿಯನ್ನು ತಂದೊಪ್ಪಿಸಿ ಹಣ ಕೇಳುತ್ತಾಳೆ. ಶುಕ್ಲಾನ ಹೆಸರು ಬಾಯಿಪಾಠ ಮಾಡಿದವರು ‘ಅರಿವಿರಲಿಲ್ಲ, ಹಣವಿಲ್ಲ’ ಎಂದು ಮುಗಿಸುತ್ತಾರೆ. ಅನ್ವಯ ಬರೆದು ಅಭ್ಯಾಸವಿದ್ದವರು ಮೊದಲು ಷರತ್ತನ್ನು ನೋಡುತ್ತಾರೆ: ಮಂಜುನಾಥ ಕೇಳಿದ್ದು ಪತ್ತೆ ಮಾಡುವುದನ್ನಲ್ಲ, ತಂದುಕೊಡುವುದನ್ನು. ಆ ಕೆಲಸ ನಡೆದದ್ದು ಅರಿವು ಬಂದ ಮೇಲೆ. ಶಾಂತಾಳಿಗೆ ಹುಡುಕುವ ಹೊಣೆ ಮೊದಲಿಂದ ಇರಲಿಲ್ಲ, ಆದ್ದರಿಂದ ಎರಡನೆಯ ಕಾರಣ ಅವಳಿಗೆ ತಟ್ಟುವುದಿಲ್ಲ.

ಎದುರು ವಾದವನ್ನೂ ಒಂದೆರಡು ಸಾಲಿನಲ್ಲಿ ಬರೆಯಬೇಕು. ಶ್ರಮದ ಮುಖ್ಯ ಭಾಗವಾದ ಪತ್ತೆ ಕಾರ್ಯ ಅರಿವಿಲ್ಲದೆಯೇ ಮುಗಿದಿತ್ತು ಎಂದು ಮಂಜುನಾಥ ಹೇಳಬಹುದು. ಶುಕ್ಲಾ ಪ್ರಕರಣದಲ್ಲಿ ಈ ಪ್ರಶ್ನೆ ತೀರ್ಮಾನವಾಗಿಲ್ಲ ಎಂದು ಹೇಳಿಯೇ ಒಂದು ಕಡೆ ವಾಲಬೇಕು. ಆಗ ತೀರ್ಮಾನಕ್ಕೆ ಒಂದು ವಾಕ್ಯ ಸಾಕು: ಚೀಟಿಯ ಷರತ್ತು ತಂದೊಪ್ಪಿಸುವುದಾಗಿದ್ದು, ಅದನ್ನು ಶಾಂತಾ ಪ್ರಸ್ತಾಪ ತಿಳಿದ ಮೇಲೆ ನೆರವೇರಿಸಿದ್ದರಿಂದ, 8ನೇ ಕಲಮಿನಂತೆ ಸ್ವೀಕಾರ ಪೂರ್ಣವಾಗಿದೆ, ಆಕೆಗೆ 10,000 ರೂಪಾಯಿ ಸಲ್ಲಬೇಕು.