ಎರಡು ಸೆಕೆಂಡ್ ಹಳೆಯ ವೇಗ



ಕಳೆದ ವಾರ ಲ್ಯಾಬಿನಲ್ಲಿ ನಿಮ್ಮ ಕ್ರೂಸ್ ಕಂಟ್ರೋಲ್ ಸಿಮ್ಯುಲೇಶನ್ ಎರಡು ಗ್ರಾಫ್‌ಗಳನ್ನು ಕೊಟ್ಟಿತು. ಮೊದಲನೆಯದರಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದ ಕಾರು 70ಕ್ಕೆ ಏರಿ ಅಲ್ಲೇ ನಿಂತಿತು. ಆಮೇಲೆ ವೇಗ ಅಳೆಯುವ ಸೆನ್ಸರಿಗೆ ಎರಡು ಸೆಕೆಂಡ್ ವಿಳಂಬ ಸೇರಿಸಿದಿರಿ. ಬೇರೇನನ್ನೂ ಮುಟ್ಟಲಿಲ್ಲ. ಅದೇ ಕಾರು 81ಕ್ಕೆ ಏರಿತು, 59ಕ್ಕಿಂತ ಕೆಳಗೆ ಕುಸಿಯಿತು, ಮತ್ತೆ 81 ದಾಟಿತು. ಪ್ರತಿ ಸುತ್ತಿಗೂ ತೂಗಾಟ ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತ ಹೋಯಿತು. ಕೋಡ್ ತಪ್ಪಿದೆ ಎಂದು ಕೆಲವರು ಬರೆದಿದ್ದೀರಿ. ಕಾರಿನ ಪ್ರತಿಕ್ರಿಯೆ ಮಂದವಾಯಿತು ಎಂದುಕೊಂಡು ಕಂಟ್ರೋಲರಿನ ಗೇನ್ ಹೆಚ್ಚಿಸಿದವರೂ ಇದ್ದೀರಿ. ಅವರ ಗ್ರಾಫ್ ಇನ್ನೂ ಬೇಗ ಕೈಮೀರಿತು. ಕೋಡ್ ಸರಿಯಾಗಿಯೇ ಇದೆ. ಆದದ್ದೇನು ಎಂಬುದನ್ನು ಕಾಗದ ಪೆನ್ಸಿಲ್ ಹಿಡಿದೇ ಕಂಡುಕೊಳ್ಳಬಹುದು.

ಮೊದಲು ನಮ್ಮ ಕಾರನ್ನು ನೆನಪಿಸಿಕೊಳ್ಳಿ. ಅದರ ತೂಕ 1000 ಕಿಲೋ. ವೇಗ ಸೆಕೆಂಡಿಗೆ ಒಂದು ಮೀಟರ್ ಹೆಚ್ಚಿದಂತೆಲ್ಲ ಅದನ್ನು ಹಿಂದಕ್ಕೆ ಎಳೆಯುವ ಬಲ 50 ನ್ಯೂಟನ್ ಹೆಚ್ಚುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಕಂಟ್ರೋಲ್ ಪಾಠಗಳಿಂದ ಜಗತ್ತಿನ ಎಷ್ಟೋ ಲ್ಯಾಬುಗಳಿಗೆ ಬಂದ ಸರಳ ಮಾದರಿ ಇದು. ಇದಕ್ಕೆ ಜೋಡಿಸಿದ ಪಿಐ ಕಂಟ್ರೋಲರಿನಲ್ಲಿ ಎರಡು ಭಾಗಗಳಿವೆ. ಒಂದು ಭಾಗ ಈ ಗಳಿಗೆಯ ಕೊರತೆಯನ್ನು ನೋಡಿ ಬಲ ಕೊಡುತ್ತದೆ. ಅದರ ಗೇನ್ 800. ಇನ್ನೊಂದು ಭಾಗ ಇದುವರೆಗಿನ ಕೊರತೆಯನ್ನು ಕೂಡಿಸಿಟ್ಟುಕೊಂಡು, ಗಾಳಿ ಮತ್ತು ಘರ್ಷಣೆ ತಿಂದುಹಾಕುವ ಬಲವನ್ನು ತುಂಬಿಕೊಡುತ್ತದೆ. ಅದರ ಗೇನ್ 40. ಈ ಎರಡು ಅಂಕಿಗಳು ಕಾರಿಗೆ ಎಷ್ಟು ಚೆನ್ನಾಗಿ ಹೊಂದುತ್ತವೆಂದರೆ, ಲೆಕ್ಕವೆಲ್ಲ ಮಾಡಿದ ಮೇಲೆ ಉಳಿಯುವುದು ಒಂದೇ ಸರಳ ನಿಯಮ: ಸೆನ್ಸರ್ ಎಷ್ಟು ಕೊರತೆ ತೋರಿಸುತ್ತದೋ ಅದರ 0.8 ಪಾಲಿನಷ್ಟು ವೇಗ ಪ್ರತಿ ಸೆಕೆಂಡಿಗೆ ಹೆಚ್ಚುತ್ತದೆ. ಹತ್ತು ಕಿ.ಮೀ. ಕೊರತೆಯಿದ್ದರೆ ಸೆಕೆಂಡಿಗೆ ಎಂಟು ಕಿ.ಮೀ. ಏರಿಕೆ, ಒಂದು ಕಿ.ಮೀ. ಕೊರತೆಗೆ ಮುಕ್ಕಾಲಕ್ಕೆ ತುಸು ಹೆಚ್ಚು. ಕೊರತೆ ಕರಗಿದಂತೆ ಏರಿಕೆಯೂ ತಗ್ಗುತ್ತದೆ. ಹಾಗಾಗಿಯೇ ವಿಳಂಬವಿಲ್ಲದ ಕಾರು ಸುಮಾರು ಮೂರು ಸೆಕೆಂಡಿನಲ್ಲಿ 69 ಮುಟ್ಟಿ, ಮೆಲ್ಲಗೆ 70ಕ್ಕೆ ಸೇರಿಕೊಂಡಿತು.

ವಿಳಂಬ ಬಂದ ಮೇಲೆ ನಿಯಮ ಹೀಗಾಗುತ್ತದೆ:

```
dv/dt = 0.8 × (70 − v(t − 2))
```

ಬದಲಾದದ್ದು ಆವರಣದೊಳಗಿನ ಆ `t − 2` ಮಾತ್ರ. ಕಾರು ಈಗ ಎಷ್ಟು ವೇಗದಲ್ಲಿದೆ ಎಂಬುದು ಕಂಟ್ರೋಲರಿಗೆ ತಿಳಿಯದು. ಎರಡು ಸೆಕೆಂಡಿನ ಹಿಂದೆ ಎಷ್ಟಿತ್ತೋ ಅಷ್ಟೇ ತಿಳಿಯುತ್ತದೆ.

ಈಗ ಒಂದೊಂದೇ ಹೆಜ್ಜೆ ನೋಡೋಣ. ಸೊನ್ನೆಯ ಗಳಿಗೆಯಲ್ಲಿ ನೀವು 70 ಎಂದು ನಿಗದಿ ಮಾಡಿದಿರಿ. ಮುಂದಿನ ಎರಡು ಸೆಕೆಂಡೂ ಸೆನ್ಸರ್ 60 ಎಂದೇ ಹೇಳುತ್ತಿರುತ್ತದೆ. ಆದ್ದರಿಂದ ಕಂಟ್ರೋಲರ್ ಪೂರ್ತಿ ಹತ್ತು ಕಿ.ಮೀ. ಕೊರತೆಗೆ ತಕ್ಕ ಬಲವನ್ನೇ ಕೊಡುತ್ತದೆ. ಕಾರು ಸೆಕೆಂಡಿಗೆ ಎಂಟರಂತೆ ಏರುತ್ತ 1.25ನೇ ಸೆಕೆಂಡಿಗೇ 70 ದಾಟುತ್ತದೆ. ಆದರೆ ಆ ಸುದ್ದಿ ಇನ್ನೂ ದಾರಿಯಲ್ಲೇ ಇದೆ. ಎರಡನೇ ಸೆಕೆಂಡ್ ಮುಗಿಯುವಾಗ ವೇಗ 76. ಆಗಷ್ಟೇ ಸೆನ್ಸರಿನ ಓದು 60ರಿಂದ ಮೇಲೇಳಲು ಶುರುಮಾಡುತ್ತದೆ. ಕಂಟ್ರೋಲರ್ ಬಲ ತಗ್ಗಿಸುತ್ತದಾದರೂ ಅದರ ಕಣ್ಣಿಗೆ ಇನ್ನೂ ಕೊರತೆಯೇ ಕಾಣುವುದರಿಂದ ಕಾರು ಏರುತ್ತಲೇ ಇರುತ್ತದೆ. 3.25ನೇ ಸೆಕೆಂಡಿಗೆ ಸೆನ್ಸರ್ 70 ತೋರಿಸುತ್ತದೆ, ಏರಿಕೆ ನಿಲ್ಲುತ್ತದೆ. ಅಷ್ಟರಲ್ಲಿ ನಿಜವಾದ ವೇಗ 81.

ಇಳಿಜಾರಿನ ಕತೆಯೂ ಇದೇ. ಸೆನ್ಸರ್ ಈಗ 76, 80, 81 ಎಂದು ಒಂದೊಂದಾಗಿ ಹಳೆಯ ಓದುಗಳನ್ನು ಕೊಡುತ್ತದೆ, ಕಂಟ್ರೋಲರ್ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಸುಮಾರು 5.2ನೇ ಸೆಕೆಂಡಿಗೆ ಕಾರು ಮತ್ತೆ 70ಕ್ಕೆ ಇಳಿಯುತ್ತದೆ. ಎಳೆತ ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಸೆನ್ಸರ್ ಆ ಹೊತ್ತಿನಲ್ಲಿ ಹೇಳುತ್ತಿರುವುದು ಶಿಖರದ ಓದನ್ನು! ಹಾಗಾಗಿ ಎಳೆತ ತನ್ನ ಗರಿಷ್ಠದಲ್ಲಿರುವುದು ಸರಿಯಾಗಿ ಅದು ಬೇಡವಾದ ಗಳಿಗೆಯಲ್ಲೇ. 7.2ನೇ ಸೆಕೆಂಡಿಗೆ ವೇಗ 58.7ಕ್ಕೆ ಕುಸಿದಿರುತ್ತದೆ. 70ರಿಂದ ಮೇಲೆ 11 ಹೋಗಿದ್ದದ್ದು ಈಗ ಕೆಳಗೆ 11.3. ಮುಂದಿನ ಶಿಖರ ಇನ್ನೂ ತುಸು ಎತ್ತರ.

ಈ ನಡಿಗೆಯಲ್ಲೇ ತೂಗಾಟದ ಅವಧಿಯ ಗುಟ್ಟೂ ಇದೆ. ನಿಜವಾದ ವೇಗ 70 ದಾಟಿದ ಮೇಲೆ ಆ ಸುದ್ದಿ ಸೆನ್ಸರಿಗೆ ತಲುಪುವವರೆಗೆ ಕಾರು ಏರುತ್ತಲೇ ಇರುತ್ತದೆ. ಅಂದರೆ ನಡುಗೆರೆಯಿಂದ ಶಿಖರಕ್ಕೆ ಹೋಗಲು ಬೇಕಾದ ಕಾಲ ಎಂದರೆ ವಿಳಂಬವೇ, ಎರಡು ಸೆಕೆಂಡ್. ನಡುಗೆರೆಯಿಂದ ಶಿಖರದವರೆಗಿನ ದಾರಿ ಒಂದು ಪೂರ್ತಿ ತೂಗಾಟದ ಕಾಲುಭಾಗ. ಆದ್ದರಿಂದ ಪೂರ್ತಿ ತೂಗಾಟಕ್ಕೆ ನಾಲ್ಕು ವಿಳಂಬ, ಎಂಟು ಸೆಕೆಂಡ್. ನಿಮ್ಮ ಗ್ರಾಫಿನಲ್ಲಿ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಅಳೆದು ನೋಡಿ, ಎಂಟರ ಹತ್ತಿರವೇ ಬರುತ್ತದೆ.

ರೋಗ ಪತ್ತೆಗೆ ಇದು ಒಳ್ಳೆಯ ಗುರುತು. ಸಿಮ್ಯುಲೇಶನ್‌ನಲ್ಲಿ ತೂಗಾಟ ಕಂಡರೆ ಅದು ಲೆಕ್ಕದ ಹೆಜ್ಜೆ ದೊಡ್ಡದಾದದ್ದರಿಂದಲೂ ಹುಟ್ಟಿರಬಹುದು. ಅನುಮಾನವಿದ್ದರೆ ಹೆಜ್ಜೆಯ ಗಾತ್ರವನ್ನು ಅರ್ಧ ಮಾಡಿ ಮತ್ತೆ ಓಡಿಸಿ. ಲೆಕ್ಕದ ದೋಷವಾಗಿದ್ದರೆ ಗ್ರಾಫ್ ಬದಲಾಗುತ್ತದೆ. ವಿಳಂಬದ್ದಾದರೆ ಎಂಟು ಸೆಕೆಂಡ್ ಎಂಟಾಗಿಯೇ ಉಳಿಯುತ್ತದೆ. ಜೊತೆಗೆ ನಿಜವಾದ ವೇಗ, ಸೆನ್ಸರ್ ಹೇಳುವ ವೇಗ ಮತ್ತು ಕಂಟ್ರೋಲರ್ ಕೊಡುವ ಬಲ, ಈ ಮೂರನ್ನೂ ಒಂದರ ಕೆಳಗೊಂದು ಬರೆಸಿ. ನಿಮ್ಮಲ್ಲಿ ಹೆಚ್ಚಿನವರು ನಿಜವಾದ ವೇಗವನ್ನು ಮಾತ್ರ ಬರೆಸಿದ್ದೀರಿ. ಅದೊಂದನ್ನೇ ನೋಡಿದರೆ ಕಂಟ್ರೋಲರಿಗೆ ತಲೆ ಕೆಟ್ಟಂತೆ ಕಾಣುತ್ತದೆ. ಸೆನ್ಸರಿನ ಗೆರೆಯ ಪಕ್ಕದಲ್ಲಿಟ್ಟು ನೋಡಿದರೆ, ತನಗೆ ಬಂದ ಸುದ್ದಿಗೆ ಅದು ಒಪ್ಪವಾಗಿಯೇ ಉತ್ತರಿಸಿದೆ ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಯಾವ ವಿಳಂಬವಾದರೂ ಕಾರನ್ನು ತೂಗಿಸಬೇಕಲ್ಲ? ಇಲ್ಲ. ಒಂದು ಸೆಕೆಂಡ್ ವಿಳಂಬವಿಟ್ಟವರ ಕಾರು 73ಕ್ಕೆ ಏರಿ, 69ಕ್ಕೆ ಇಳಿದು, ಬೇಗನೆ 70ರಲ್ಲಿ ನೆಲೆನಿಂತಿತು. ಇಲ್ಲಿ ನಿರ್ಧಾರ ಮಾಡುವುದು ವಿಳಂಬವೊಂದೇ ಅಲ್ಲ. ಸುದ್ದಿ ಬರುವಷ್ಟರಲ್ಲಿ ಕಾರು ಎಷ್ಟು ಬದಲಾಗಿಬಿಡುತ್ತದೆ ಎಂಬುದು ಮುಖ್ಯ. ಹಾಗಾಗಿ 0.8 ಎಂಬ ಆ ಅಂಕಿಯನ್ನೂ ವಿಳಂಬವನ್ನೂ ಗುಣಿಸಿ. ಗುಣಲಬ್ಧ 0.37ಕ್ಕಿಂತ ಕಡಿಮೆಯಿದ್ದರೆ ಕಾರು ಗುರಿಯನ್ನು ದಾಟುವುದೇ ಇಲ್ಲ. 0.37ರಿಂದ 1.57ರ ನಡುವೆ ದಾಟುತ್ತದೆ, ತೂಗುತ್ತದೆ, ಆದರೆ ತೂಗಾಟ ಸಾಯುತ್ತದೆ. 1.57 ಮೀರಿದರೆ ಬೆಳೆಯುತ್ತದೆ. 1.57 ಎಂದರೆ ಪೈಯ ಅರ್ಧ, ಅಂದರೆ ಕೋನದಲ್ಲಿ 90 ಡಿಗ್ರಿ, ನಾವು ಆಗಲೇ ಕಂಡ ಕಾಲು ತೂಗಾಟ. ಒಂದು ಸೆಕೆಂಡಿಗೆ ಗುಣಲಬ್ಧ 0.8, ಎರಡು ಸೆಕೆಂಡಿಗೆ 1.6. ಗಡಿಯನ್ನು ನೀವು ಕೂದಲೆಳೆಯಷ್ಟು ದಾಟಿದ್ದಿರಿ. ನಿಮ್ಮ ತೂಗಾಟ ಅಷ್ಟು ನಿಧಾನವಾಗಿ ಬೆಳೆದದ್ದು ಅದರಿಂದಲೇ. ಗೇನ್ ಹೆಚ್ಚಿಸಿದವರಿಗೆ ಬೇಗ ಕೈಮೀರಿದ್ದಕ್ಕೂ ಕಾರಣ ಇದೇ ಗುಣಾಕಾರ.

ನಿಜವಾದ ಕಾರಿನಲ್ಲಿ ತೂಗಾಟ ಹೀಗೆ ಎಲ್ಲೆಯಿಲ್ಲದೆ ಬೆಳೆಯುವುದಿಲ್ಲ. ಎಂಜಿನ್ ಕೊಡಬಲ್ಲ ಬಲಕ್ಕೆ ಮೇಲಿನ ಮಿತಿಯಿದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಕಾರು ನಿಧಾನವಾಗುವ ದರಕ್ಕೂ ಮಿತಿಯಿದೆ. ಈ ಮಿತಿಗಳಿಗೆ ತಗುಲಿದ ಮೇಲೆ ತೂಗಾಟ ಒಂದು ಗಾತ್ರದಲ್ಲಿ ನಿಂತು ಹಾಗೇ ಮುಂದುವರಿಯುತ್ತದೆ. ನಮ್ಮ ಮಾದರಿಯಲ್ಲಿ ಯಾವ ಮಿತಿಯನ್ನೂ ಹಾಕಿಲ್ಲ. ಎರಡು ಸೆಕೆಂಡ್ ವಿಳಂಬವೂ ಪಾಠಕ್ಕಾಗಿ ಹಿಗ್ಗಿಸಿದ್ದೇ. ಚಕ್ರದ ವೇಗ ಓದುವ ಸೆನ್ಸರ್ ಅಷ್ಟು ತಡಮಾಡುವುದಿಲ್ಲ.

ಇನ್ನು ಪರಿಹಾರ. ಸುಲಭದ ದಾರಿ ಗೇನ್ ತಗ್ಗಿಸುವುದು. 800ನ್ನು 200 ಮಾಡಿ, 40ನ್ನು 10 ಮಾಡಿ. ಗುಣಲಬ್ಧ 0.4ಕ್ಕೆ ಬರುತ್ತದೆ. ಎರಡು ಸೆಕೆಂಡ್ ವಿಳಂಬವಿದ್ದೂ ಕಾರು 70ಕ್ಕೆ ಹೋಗಿ ಕಣ್ಣಿಗೆ ಕಾಣುವಷ್ಟು ದಾಟದೆ ನಿಲ್ಲುತ್ತದೆ. 69 ಮುಟ್ಟಲು ಮೂರರ ಬದಲು ಆರು ಸೆಕೆಂಡ್ ಹಿಡಿಯುತ್ತದೆ, ಅಷ್ಟೆ. ಇಷ್ಟಕ್ಕೇ ಬಿಟ್ಟರೆ ಸಮಸ್ಯೆ ಮುಗಿಯಿತು ಎನಿಸಬಹುದು. ಬೆಲೆ ತಿಳಿಯುವುದು ಏರುರಸ್ತೆಯಲ್ಲಿ. ಮೂರು ಡಿಗ್ರಿ ಏರು ಈ ಕಾರನ್ನು ಐನೂರು ನ್ಯೂಟನ್‌ಗಿಂತ ತುಸು ಹೆಚ್ಚು ಬಲದಿಂದ ಹಿಂದಕ್ಕೆಳೆಯುತ್ತದೆ. ವಿಳಂಬವಿಲ್ಲದ ಮೊದಲಿನ ಕಂಟ್ರೋಲರಿನಲ್ಲಿ ಆ ಏರಿಗೆ ವೇಗ ಸುಮಾರು ಎರಡು ಕಿ.ಮೀ. ಕುಸಿಯುತ್ತಿತ್ತು. ತಗ್ಗಿಸಿದ ಗೇನ್, ಎರಡು ಸೆಕೆಂಡ್ ವಿಳಂಬ ಎರಡೂ ಸೇರಿದರೆ ಸುಮಾರು ಏಳು ಕುಸಿಯುತ್ತದೆ. ಸಮತಟ್ಟು ರಸ್ತೆಯ ಗ್ರಾಫ್ ನೋಡಿ ಗೇನ್ ಆರಿಸಬೇಡಿ ಎನ್ನುವುದು ಅದಕ್ಕೇ.

ಇನ್ನೊಂದು ದಾರಿಯನ್ನು 1957ರಲ್ಲಿ ಬರ್ಕ್ಲಿಯ ಓಟೋ ಸ್ಮಿತ್ ತೋರಿಸಿದರು. ಕಂಟ್ರೋಲರಿನೊಳಗೇ ಕಾರಿನ ಒಂದು ಲೆಕ್ಕದ ಮಾದರಿಯನ್ನು ಓಡಿಸಿ, ತಾನು ಈಗಾಗಲೇ ಕೊಟ್ಟ ಬಲದಿಂದ ಈ ಹೊತ್ತಿಗೆ ವೇಗ ಎಷ್ಟಾಗಿರಬೇಕು ಎಂದು ಊಹಿಸುವುದು ಈ ವಿಧಾನ. ಸೆನ್ಸರಿನ ತಡವಾದ ಓದನ್ನು ಅದು ಮಾದರಿಯ ಅಷ್ಟೇ ತಡವಾದ ಊಹೆಗೆ ಹೋಲಿಸಿ, ವ್ಯತ್ಯಾಸವಿದ್ದರೆ ಮಾತ್ರ ತಿದ್ದಿಕೊಳ್ಳುತ್ತದೆ. ಮಾದರಿ ನಿಖರವಾಗಿದ್ದರೆ 60ರಿಂದ 70ಕ್ಕೆ ಹೋಗುವ ಗ್ರಾಫ್ ವಿಳಂಬವೇ ಇಲ್ಲದಂತೆ ಬರುತ್ತದೆ. ಆದರೆ ಮುಂದೆ ಏರು ಇದೆಯೆಂದು ಅದಕ್ಕೂ ಗೊತ್ತಿಲ್ಲ. ಏರಿನ ಮೊದಲ ಎರಡು ಸೆಕೆಂಡ್ ಯಾವ ಜಾಣ ಲೆಕ್ಕಕ್ಕೂ ಸಿಗುವುದಿಲ್ಲ.

ಮುಂದಿನ ವಾರಕ್ಕೆ ಒಂದು ಕೆಲಸ. ಹಳೆಯ 800 ಮತ್ತು 40, ಎರಡು ಸೆಕೆಂಡ್ ವಿಳಂಬ, ಇಷ್ಟನ್ನೂ ಹಾಗೇ ಇಟ್ಟು ಕಾರಿಗೆ ಜನ, ಸಾಮಾನು ತುಂಬಿ ತೂಕವನ್ನು 1300 ಕಿಲೋ ಮಾಡಿ. ಓಡಿಸುವ ಮೊದಲೇ ಗುಣಲಬ್ಧವನ್ನು ಪುಸ್ತಕದಲ್ಲಿ ಬರೆದಿಡಿ. ಅದೇ ಬಲಕ್ಕೆ ಭಾರದ ಕಾರು ನಿಧಾನವಾಗಿ ಬದಲಾಗುವುದರಿಂದ 0.8 ಸುಮಾರು 0.62ಕ್ಕೆ ಇಳಿಯುತ್ತದೆ, ಗುಣಲಬ್ಧ 1.23 ಆಗುತ್ತದೆ, ತೂಗಾಟ ತಾನಾಗಿ ಸಾಯುತ್ತದೆ. ಈಗ ಇದನ್ನೇ ತಿರುಗಿಸಿ ಯೋಚಿಸಿ. ತುಂಬಿದ ಕಾರಿನಲ್ಲಿ ಪರೀಕ್ಷೆ ಮಾಡಿ ಸರಿಯಾಗಿದೆ ಎಂದು ಸಹಿ ಹಾಕಿದ ಕಂಟ್ರೋಲರ್, ಎಲ್ಲರೂ ಇಳಿದು ಡ್ರೈವರ್ ಒಬ್ಬನೇ ಉಳಿದಾಗ ತೂಗಲು ಶುರುಮಾಡುತ್ತದೆ. ಆದ್ದರಿಂದ ನಿಮ್ಮ ವರದಿಯಲ್ಲಿ ಗೇನ್ ಆರಿಸುವಾಗ ಕಾರಿನ ಅತಿ ಕಡಿಮೆ ತೂಕ, ಸೆನ್ಸರಿನ ಅತಿ ಹೆಚ್ಚು ವಿಳಂಬ, ಈ ಜೋಡಿಗೇ ಲೆಕ್ಕ ಹಾಕಿ ತನ್ನಿ.

ಇಂತಿ,
ನಿಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್