ಬ್ಯಾಟರಿಯಲ್ಲಿ ಉಳಿದದ್ದೆಷ್ಟು: ಕರೆಂಟ್ ಮತ್ತು ವೋಲ್ಟೇಜ್ ಸೇರಿ ಹೇಳುವ ಲೆಕ್ಕ

ಬ್ಯಾಟರಿಯಲ್ಲಿ ಉಳಿದಿರುವ ಚಾರ್ಜನ್ನು ನೇರವಾಗಿ ಅಳೆಯುವ ಮೀಟರ್ ಯಾವ ವಿದ್ಯುತ್ ವಾಹನದಲ್ಲೂ ಇಲ್ಲ. ಲಿಥಿಯಂ ಅಯಾನ್ ಸೆಲ್ಲಿನಲ್ಲಿ ಚಾರ್ಜ್ ಎಂದರೆ ಅದರ ಎರಡು ಎಲೆಕ್ಟ್ರೋಡ್‌ಗಳ ಒಳಗೆ ಎಷ್ಟೆಷ್ಟು ಲಿಥಿಯಂ ಸೇರಿಕೊಂಡಿದೆ ಎಂಬುದು. ಮೊಹರು ಮಾಡಿದ ಸೆಲ್ಲಿನ ಹೊರಗೆ ನಿಂತು ಅದನ್ನು ನೋಡುವ ದಾರಿಯಿಲ್ಲ. ಹೊರಗೆ ಸಿಗುವುದು ಮೂರು ಅಳತೆಗಳು ಮಾತ್ರ: ಎರಡು ತುದಿಗಳ ನಡುವಿನ ವೋಲ್ಟೇಜ್, ಹರಿಯುತ್ತಿರುವ ಕರೆಂಟ್ ಮತ್ತು ಸೆಲ್ಲಿನ ಉಷ್ಣಾಂಶ. ಸ್ಕೂಟರಿನ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಶೇಕಡಾವಾರು ಅಂಕಿ ಇವುಗಳಿಂದ ಹೊರಟ ಅಂದಾಜು. ಬ್ಯಾಟರಿಯ ಜೊತೆಗೇ ಕೂರಿಸಿರುವ ನಿಯಂತ್ರಣ ಬೋರ್ಡು, ಅಂದರೆ ಬಿಎಂಎಸ್, ಸೆಕೆಂಡಿಗೆ ಹಲವು ಬಾರಿ ಈ ಅಂದಾಜನ್ನು ತಿದ್ದುತ್ತಿರುತ್ತದೆ.

ಅಂದಾಜಿನ ಮೊದಲ ದಾರಿ ಕರೆಂಟಿನದು. ಇದು ಜಮಾ-ಖರ್ಚಿನ ಪುಸ್ತಕ ಬರೆದಂತೆ: ಒಳಬಂದ ಆಂಪಿಯರ್‌ಗಳನ್ನು ಕೂಡಿಸುತ್ತ, ಹೊರಹೋದದ್ದನ್ನು ಕಳೆಯುತ್ತ ಹೋಗುವುದು. 50 ಆಂಪಿಯರ್-ಅವರ್ ಸಾಮರ್ಥ್ಯದ ಸೆಲ್ಲಿನಿಂದ 50 ಆಂಪಿಯರ್ ಕರೆಂಟನ್ನು 36 ಸೆಕೆಂಡು ಎಳೆದರೆ ಅರ್ಧ ಆಂಪಿಯರ್-ಅವರ್ ಖರ್ಚಾಗುತ್ತದೆ, ಅಂದರೆ ಸರಿಯಾಗಿ ಶೇ. 1. ಈ ವಿಧಾನದಲ್ಲಿ ಕ್ಷಣದಿಂದ ಕ್ಷಣಕ್ಕೆ ಆಗುವ ಬದಲಾವಣೆ ಬಹಳ ನಿಖರವಾಗಿ ಸಿಗುತ್ತದೆ. ಆದರೆ ಇದಕ್ಕೆ ಎರಡು ಕೊರತೆಗಳಿವೆ. ಆರಂಭದ ಶಿಲ್ಕು ಎಷ್ಟಿತ್ತು ಎಂಬುದನ್ನು ಬೇರೆ ಯಾರಾದರೂ ಹೇಳಬೇಕು. ಅದು ತಪ್ಪಿದ್ದರೆ ಕೊನೆಯವರೆಗೂ ತಪ್ಪೇ. ಇನ್ನೊಂದು, ಕರೆಂಟ್ ಸೆನ್ಸರಿನ ಸಣ್ಣ ತಪ್ಪು ಕೂಡಿಕೊಳ್ಳುತ್ತ ಹೋಗುತ್ತದೆ. ಸೆನ್ಸರ್ ಯಾವಾಗಲೂ ಕಾಲು ಆಂಪಿಯರ್ ಹೆಚ್ಚು ತೋರಿಸುತ್ತದೆ ಎಂದುಕೊಂಡರೆ, ಎಂಟು ಗಂಟೆಯಲ್ಲಿ ಆ ತಪ್ಪು 2 ಆಂಪಿಯರ್-ಅವರ್ ಆಗುತ್ತದೆ, ಸೆಲ್ಲಿನ ಸಾಮರ್ಥ್ಯದ ಶೇ. 4. ಅದನ್ನು ತಿದ್ದುವ ಯಾವ ವ್ಯವಸ್ಥೆಯೂ ಈ ವಿಧಾನದ ಒಳಗಿಲ್ಲ.

ಎರಡನೆಯ ದಾರಿ ವೋಲ್ಟೇಜಿನದು. ಗಂಟೆಗಟ್ಟಲೆ ಸುಮ್ಮನಿದ್ದ ಸೆಲ್ಲಿನ ವೋಲ್ಟೇಜಿಗೂ ಚಾರ್ಜಿಗೂ ನೇರ ಸಂಬಂಧವಿದೆ. ನಿಕೆಲ್-ಮ್ಯಾಂಗನೀಸ್-ಕೋಬಾಲ್ಟ್ ಬಳಸುವ ಎನ್‌ಎಂಸಿ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ, ಖಾಲಿಯಾಗುತ್ತ ಬಂದಂತೆ ಇಳಿಯುತ್ತದೆ. ಈ ವಿರಾಮದ ವೋಲ್ಟೇಜನ್ನು ಪ್ರಯೋಗಾಲಯದಲ್ಲಿ ಅಳೆದು, ಯಾವ ವೋಲ್ಟೇಜಿಗೆ ಎಷ್ಟು ಚಾರ್ಜ್ ಎಂಬ ಕೋಷ್ಟಕವನ್ನು ಬಿಎಂಎಸ್‌ನ ನೆನಪಿನಲ್ಲಿ ಇಟ್ಟಿರುತ್ತಾರೆ. ಇಲ್ಲಿ ಹಳೆಯ ತಪ್ಪು ಕೂಡಿಕೊಳ್ಳುವುದಿಲ್ಲ; ಪ್ರತಿ ಅಳತೆಯೂ ಹೊಸದು. ತೊಂದರೆಯೇನೆಂದರೆ ಓಡುತ್ತಿರುವ ವಾಹನದ ಬ್ಯಾಟರಿಗೆ ವಿರಾಮವಿಲ್ಲ. ಕರೆಂಟ್ ಹರಿಯುವಾಗ ಸೆಲ್ಲಿನ ಒಳರೋಧದಲ್ಲಿ ಒಂದಿಷ್ಟು ವೋಲ್ಟೇಜ್ ಕಳೆದುಹೋಗುತ್ತದೆ. ಅದರ ಮೇಲೆ, ಲಿಥಿಯಂ ಎಲೆಕ್ಟ್ರೋಡಿನ ಒಳಗೆ ನಿಧಾನವಾಗಿ ಹರಡಿಕೊಳ್ಳಬೇಕಾದ್ದರಿಂದ ಇನ್ನೊಂದಿಷ್ಟು ತಡವಾಗಿ ಕುಸಿದು, ಕರೆಂಟ್ ನಿಂತ ಮೇಲೂ ತಡವಾಗಿಯೇ ಏರುತ್ತದೆ. ಸ್ಕೂಟರ್ ಮೇಲ್ಸೇತುವೆ ಏರುವಾಗ ವೋಲ್ಟೇಜನ್ನೇ ನಂಬಿದರೆ ಚಾರ್ಜ್ ದಿಢೀರನೆ ಕುಸಿದಂತೆಯೂ, ಇಳಿಯುವಾಗ ಮತ್ತೆ ತುಂಬಿಕೊಂಡಂತೆಯೂ ಕಾಣುತ್ತದೆ.

ಈ ಎರಡು ದಾರಿಗಳ ತಪ್ಪುಗಳ ಸ್ವಭಾವ ಬೇರೆ ಬೇರೆ ಎಂಬುದೇ ಇಡೀ ವಿಷಯದ ತಿರುಳು. ಕರೆಂಟಿನ ಲೆಕ್ಕ ನಿಮಿಷಗಳ ಮಟ್ಟಿಗೆ ನಂಬಿಕಸ್ಥ, ದಿನಗಳ ಮಟ್ಟಿಗೆ ಅಲ್ಲ. ವೋಲ್ಟೇಜ್ ಕ್ಷಣಕ್ಷಣಕ್ಕೂ ತೂಗಾಡುತ್ತದೆ, ಆದರೆ ದೀರ್ಘಕಾಲದಲ್ಲಿ ದಾರಿ ತಪ್ಪುವುದಿಲ್ಲ. ಎರಡರ ಸರಾಸರಿ ತೆಗೆದರೆ ಎರಡರ ದೋಷವೂ ಅರ್ಧರ್ಧ ಉಳಿದುಬಿಡುತ್ತದೆ. ಯಾವ ಹೊತ್ತಿನಲ್ಲಿ ಯಾವುದನ್ನು ಎಷ್ಟು ನಂಬಬೇಕು ಎಂದು ಪ್ರತಿ ಹೆಜ್ಜೆಯಲ್ಲೂ ಹೊಸದಾಗಿ ತೂಗುವ ವಿಧಾನ ಬೇಕು.

ಅಂಥ ತೂಕದ ನಿಯಮವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದರು. ಅವರ ಮೂಲ ಗಣಿತ ಸರಳರೇಖೆಯಂಥ ಸಂಬಂಧಗಳಿಗೆ ಮಾತ್ರ ಹೊಂದುತ್ತಿತ್ತು. ನಾಸಾದ ಏಮ್ಸ್ ಕೇಂದ್ರದಲ್ಲಿ ಸ್ಟ್ಯಾನ್ಲಿ ಶ್ಮಿಟ್ ಮತ್ತು ಸಂಗಡಿಗರು ಚಂದ್ರಯಾನದ ಪಥ ನಿರ್ಣಯಕ್ಕಾಗಿ ಅದನ್ನು ಬಾಗಿದ ರೇಖೆಗಳಿಗೂ ಒಗ್ಗಿಸಿದರು: ಸದ್ಯ ನಿಂತಿರುವ ಬಿಂದುವಿನಲ್ಲಿ ರೇಖೆಯ ಇಳಿಜಾರು ಎಷ್ಟಿದೆ ಎಂದು ನೋಡಿ, ಆ ಹೆಜ್ಜೆಯ ಮಟ್ಟಿಗೆ ಅದನ್ನೇ ಸರಳರೇಖೆ ಎಂದು ಭಾವಿಸುವುದು. ಇದೇ ವಿಸ್ತೃತ ಕಾಲ್ಮನ್ ಫಿಲ್ಟರ್. ವೋಲ್ಟೇಜ್-ಚಾರ್ಜ್ ರೇಖೆಯೂ ಬಾಗಿದ್ದೇ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಗ್ರೆಗರಿ ಪ್ಲೆಟ್ 2004ರಲ್ಲಿ ಮೂರು ಭಾಗಗಳ ಲೇಖನದಲ್ಲಿ ಇದನ್ನು ಹೈಬ್ರಿಡ್ ವಾಹನಗಳ ಲಿಥಿಯಂ ಬ್ಯಾಟರಿಗೆ ಅನ್ವಯಿಸಿ ತೋರಿಸಿದರು. ಬ್ಯಾಟರಿ ಎಂಜಿನಿಯರುಗಳು ಇಂದಿಗೂ ಆ ಲೇಖನಗಳತ್ತ ಹಿಂದಿರುಗುತ್ತಾರೆ.

ಫಿಲ್ಟರಿಗೆ ಸೆಲ್ಲಿನ ಒಂದು ಸರಳ ಮಾದರಿ ಬೇಕು. ಸಾಮಾನ್ಯವಾಗಿ ಸೆಲ್ಲನ್ನು ಮೂರು ಅಂಶಗಳಾಗಿ ಕಲ್ಪಿಸುತ್ತಾರೆ: ಚಾರ್ಜಿಗೆ ತಕ್ಕ ವಿರಾಮದ ವೋಲ್ಟೇಜ್, ಕರೆಂಟಿನ ಜೊತೆಗೇ ತಕ್ಷಣ ಕಾಣುವ ಒಳರೋಧದ ಕುಸಿತ, ಮತ್ತು ರೋಧ-ಕೆಪಾಸಿಟರ್ ಜೋಡಿಯಿಂದ ಅನುಕರಿಸುವ ನಿಧಾನದ ಕುಸಿತ. ಮೊದಲನೆಯದರಿಂದ ಉಳಿದೆರಡನ್ನು ಕಳೆದರೆ, ಓಡುತ್ತಿರುವಾಗಲೂ ಸೆಲ್ಲಿನ ತುದಿಗಳಲ್ಲಿ ಎಷ್ಟು ವೋಲ್ಟೇಜ್ ಕಾಣಬೇಕು ಎಂದು ಮೊದಲೇ ಹೇಳಬಹುದು. ಈ ಮುನ್ನೋಟ ಸಾಧ್ಯವಾದ ಮೇಲೆ ಉಳಿಯುವುದು ಅದನ್ನು ನಿಜವಾದ ಅಳತೆಯ ಪಕ್ಕದಲ್ಲಿಟ್ಟು ನೋಡುವ ಕೆಲಸ.

ಒಂದು ಹೆಜ್ಜೆಯನ್ನು ಅಂಕಿಗಳೊಡನೆ ನೋಡಬಹುದು. ಮೇಲೆ ಹೇಳಿದ 50 ಆಂಪಿಯರ್-ಅವರ್ ಎನ್‌ಎಂಸಿ ಸೆಲ್ಲಿನಲ್ಲಿ ಶೇ. 60 ಚಾರ್ಜ್ ಇದೆ ಎಂದು ಬಿಎಂಎಸ್ ನಂಬಿದೆ. ಆ ನಂಬಿಕೆ ಅಷ್ಟೇನೂ ಗಟ್ಟಿಯಲ್ಲ: ಶೇ. 5ರಷ್ಟು ಅತ್ತಿತ್ತ ಇರಬಹುದು ಎಂಬುದನ್ನೂ ಅದು ಬರೆದಿಟ್ಟುಕೊಂಡಿದೆ. ಅಂದಾಜಿನ ಜೊತೆ ಅದರ ಅನಿಶ್ಚಿತತೆಯನ್ನೂ ಒಂದು ಅಂಕಿಯಾಗಿ ಹೊತ್ತು ತಿರುಗುವುದೇ ಕಾಲ್ಮನ್ ಫಿಲ್ಟರಿನ ವಿಶೇಷ. ವಾಹನ 50 ಆಂಪಿಯರ್‌ನಂತೆ 36 ಸೆಕೆಂಡು ಎಳೆಯುತ್ತದೆ. ಕರೆಂಟಿನ ಲೆಕ್ಕದಂತೆ ಚಾರ್ಜ್ ಈಗ ಶೇ. 59. ಕೋಷ್ಟಕದಲ್ಲಿ ಅದಕ್ಕೆ ತಕ್ಕ ವಿರಾಮದ ವೋಲ್ಟೇಜ್ 3.750 ಎಂದಿರಲಿ. ಎರಡು ಮಿಲಿಓಮ್ ಒಳರೋಧದಲ್ಲಿ 100 ಮಿಲಿವೋಲ್ಟ್, ನಿಧಾನದ ಕುಸಿತದಲ್ಲಿ 30 ಮಿಲಿವೋಲ್ಟ್ ಕಳೆದರೆ, ಕಾಣಬೇಕಾದ ವೋಲ್ಟೇಜ್ 3.620. ಸೆನ್ಸರ್ ಅಳೆದದ್ದು 3.596. ವ್ಯತ್ಯಾಸ 24 ಮಿಲಿವೋಲ್ಟ್.

ಈ 24 ಮಿಲಿವೋಲ್ಟ್ ಏನು ಹೇಳುತ್ತಿದೆ? ಚಾರ್ಜಿನ ಅಂದಾಜು ತಪ್ಪಿರಬಹುದು, ಅಥವಾ ಸೆನ್ಸರ್ ಮತ್ತು ಮಾದರಿ ತಪ್ಪಿರಬಹುದು. ಫಿಲ್ಟರ್ ಎರಡರ ಸಾಧ್ಯತೆಯನ್ನೂ ತೂಗುತ್ತದೆ. ಈ ಭಾಗದಲ್ಲಿ ರೇಖೆಯ ಇಳಿಜಾರು ಶೇ. 1 ಚಾರ್ಜಿಗೆ 8 ಮಿಲಿವೋಲ್ಟ್ ಎಂದಾದರೆ, ಶೇ. 5ರ ಅನಿಶ್ಚಿತತೆ 40 ಮಿಲಿವೋಲ್ಟಿಗೆ ಸಮ. ಸೆನ್ಸರ್ ಮತ್ತು ಮಾದರಿ ಸೇರಿ 10 ಮಿಲಿವೋಲ್ಟ್ ತಪ್ಪಬಹುದು ಎಂದಿಟ್ಟುಕೊಂಡರೆ ಅನುಮಾನದ ಮುಳ್ಳು ಚಾರ್ಜಿನ ಅಂದಾಜಿನ ಕಡೆಗೇ ವಾಲುತ್ತದೆ. ತೂಕ ಹಾಕುವುದು ಈ ಸಂಖ್ಯೆಗಳ ವರ್ಗಗಳಲ್ಲಿ: 40ರ ವರ್ಗ 1600, 10ರ ವರ್ಗ 100. ಒಟ್ಟು 1700ರಲ್ಲಿ 1600 ಪಾಲು, ಅಂದರೆ ಶೇ. 94ರಷ್ಟು ವ್ಯತ್ಯಾಸವನ್ನು ಚಾರ್ಜಿನ ತಪ್ಪೆಂದು ಒಪ್ಪಿಕೊಳ್ಳಬೇಕು. 24 ಮಿಲಿವೋಲ್ಟ್ ಎಂದರೆ ಶೇ. 3 ಚಾರ್ಜ್, ಅದರಲ್ಲಿ 94 ಪಾಲು ಸುಮಾರು 2.8. ತಿದ್ದಿದ ಅಂದಾಜು ಶೇ. 56.2. ಅನಿಶ್ಚಿತತೆ 5ರಿಂದ 1.2ಕ್ಕೆ ಇಳಿಯಿತು.

ಕರೆಂಟಿನ ಲೆಕ್ಕ ಒಂದೇ ಇದ್ದಿದ್ದರೆ ಬಿಎಂಎಸ್ ಶೇ. 59ಕ್ಕೇ ಅಂಟಿಕೊಂಡಿರುತ್ತಿತ್ತು. ಅಳೆದ 3.596 ವೋಲ್ಟನ್ನು ನೇರವಾಗಿ ಕೋಷ್ಟಕದಲ್ಲಿ ಹುಡುಕಿದ್ದರೆ ಸುಮಾರು ಶೇ. 40 ಎಂದು ಬರುತ್ತಿತ್ತು. ವೋಲ್ಟೇಜಿನ ಮಾತು ಅರ್ಥವಾಗಬೇಕಾದರೂ ಆ ಕ್ಷಣದ ಕರೆಂಟ್ ಗೊತ್ತಿರಬೇಕು ಎಂಬುದನ್ನು ಇಲ್ಲಿ ಗಮನಿಸಬೇಕು.

ಮುಂದಿನ ಹೆಜ್ಜೆಯಲ್ಲಿ ತೂಕ ತಾನಾಗಿ ಬದಲಾಗುತ್ತದೆ. ಅನಿಶ್ಚಿತತೆ ಈಗ 1.2ಕ್ಕೆ ಇಳಿದಿರುವುದರಿಂದ ಮತ್ತೊಮ್ಮೆ 24 ಮಿಲಿವೋಲ್ಟ್ ವ್ಯತ್ಯಾಸ ಬಂದರೂ ಫಿಲ್ಟರ್ ಅಂದಾಜನ್ನು ಸುಮಾರು ಒಂದೂವರೆ ಶೇಕಡದಷ್ಟು ಮಾತ್ರ ಸರಿಸುತ್ತದೆ. ನಂಬಿಕೆ ಗಟ್ಟಿಯಾದಂತೆ ವೋಲ್ಟೇಜಿನ ತೂಗಾಟಕ್ಕೆ ಅದು ಕಡಿಮೆ ಕಿವಿಗೊಡುತ್ತ, ಹೆಚ್ಚಾಗಿ ಕರೆಂಟಿನ ಲೆಕ್ಕದ ಮೇಲೆ ಸಾಗುತ್ತದೆ. ಜೊತೆಗೆ, ಕರೆಂಟ್ ಸೆನ್ಸರೂ ತಪ್ಪಬಹುದು ಎಂಬ ಕಾರಣಕ್ಕೆ ಪ್ರತಿ ಹೆಜ್ಜೆಯಲ್ಲೂ ಅನಿಶ್ಚಿತತೆಗೆ ಒಂದು ಸಣ್ಣ ಪಾಲು ಸೇರುತ್ತಿರುತ್ತದೆ. ಹಾಗಾಗಿ ವೋಲ್ಟೇಜಿಗೆ ಬಾಗಿಲು ಎಂದೂ ಪೂರ್ತಿ ಮುಚ್ಚುವುದಿಲ್ಲ.

ಇಲ್ಲಿಯೇ ಒಂದು ಅಪಾಯವೂ ಇದೆ. ಪ್ರತಿ ಅಳತೆಯ ತಪ್ಪೂ ಹಿಂದಿನದಕ್ಕೆ ಸಂಬಂಧವಿಲ್ಲದ್ದು ಎಂದು ಗಣಿತ ಭಾವಿಸುತ್ತದೆ. ಸೆನ್ಸರಿನ ಅದುರಾಟ ಹಾಗಿರಬಹುದು. ಮಾದರಿಯ ತಪ್ಪು ಹಾಗಲ್ಲ. ಒಳರೋಧವನ್ನು ತಪ್ಪಾಗಿ ಬರೆದಿಟ್ಟಿದ್ದರೆ ಸಾವಿರ ಅಳತೆಗಳಲ್ಲೂ ತಪ್ಪು ಒಂದೇ ದಿಕ್ಕಿಗಿರುತ್ತದೆ. ಫಿಲ್ಟರ್ ಮಾತ್ರ ಸಾವಿರ ಸಾಕ್ಷಿ ಸಿಕ್ಕಿತೆಂದು ತಿಳಿದು, ಶೇ. 0.1ರ ನಿಖರತೆ ತನಗಿದೆ ಎಂದು ವರದಿ ಮಾಡುತ್ತ, ಶೇ. 4ರಷ್ಟು ಆಚೆ ನಿಂತಿರಬಹುದು. ಆದ್ದರಿಂದ ಅನುಭವಿ ಎಂಜಿನಿಯರುಗಳು ವೋಲ್ಟೇಜಿನ ತಪ್ಪಿನ ಅಂಕಿಯನ್ನು ಸೆನ್ಸರ್ ತಯಾರಕರು ಹೇಳುವುದಕ್ಕಿಂತ ಬೇಕೆಂದೇ ಹೆಚ್ಚು ಇಡುತ್ತಾರೆ. ಅದು ಸರಿಯಾದ ಎಚ್ಚರ.

ಮಾದರಿ ಕೆಟ್ಟಿದೆ ಎಂಬುದನ್ನು ಪತ್ತೆ ಹಚ್ಚಲು ಮುನ್ನೋಟಕ್ಕೂ ಅಳತೆಗೂ ಇರುವ ಅದೇ ವ್ಯತ್ಯಾಸವನ್ನು ಬಹಳ ಹೊತ್ತು ಗಮನಿಸಬೇಕು. ಎಲ್ಲವೂ ಸರಿಯಿದ್ದರೆ ಅದು ಸೊನ್ನೆಯ ಎರಡೂ ಬದಿಗೆ ಗೊತ್ತುಗುರಿಯಿಲ್ಲದೆ ಆಡುತ್ತಿರುತ್ತದೆ. ಹಳೆಯದಾದ ಸೆಲ್ಲಿನ ಒಳರೋಧ ಎರಡರಿಂದ ಮೂರು ಮಿಲಿಓಮ್‌ಗೆ ಏರಿದ್ದು ಮಾದರಿಯಲ್ಲಿ ಹಳೆಯ ಅಂಕಿಯೇ ಇದ್ದರೆ, 50 ಆಂಪಿಯರ್ ಎಳೆದಾಗ 50 ಮಿಲಿವೋಲ್ಟ್ ವ್ಯತ್ಯಾಸ ಬರುತ್ತದೆ, 25 ಎಳೆದಾಗ ಅದರರ್ಧ, ನಿಂತಾಗ ಇಲ್ಲ. ಕರೆಂಟಿನ ಜೊತೆ ಏರಿಳಿಯುವ ವ್ಯತ್ಯಾಸ ಒಳರೋಧದ ಕಡೆಗೆ ಬೆರಳು ತೋರಿಸುತ್ತದೆ. ವೋಲ್ಟೇಜ್ ಪ್ರತಿ ದಿನವೂ ಚಾರ್ಜಿನ ಅಂದಾಜನ್ನು ಒಂದೇ ದಿಕ್ಕಿಗೆ ಎಳೆಯುತ್ತಿದ್ದರೆ ಕರೆಂಟ್ ಸೆನ್ಸರಿನ ಸೊನ್ನೆಯೇ ಸರಿದಿರುವ ಸಂಭವ ಹೆಚ್ಚು. ಇದನ್ನು ತಿಳಿದ ಮೇಲೆ ಒಳರೋಧವನ್ನೂ ಸೆನ್ಸರಿನ ಸರಿತವನ್ನೂ ಚಾರ್ಜಿನಂತೆಯೇ ಗೊತ್ತಿಲ್ಲದ ಸಂಖ್ಯೆಗಳೆಂದು ಫಿಲ್ಟರಿಗೇ ಒಪ್ಪಿಸಬಹುದು. ಇವು ನಿಧಾನವಾಗಿ ಬದಲಾಗುವಂಥವಾದ್ದರಿಂದ ಅವುಗಳ ತಿದ್ದುಪಡಿಯೂ ನಿಧಾನವಾಗಿಯೇ ಇರುವಂತೆ ಹೊಂದಿಸಬೇಕು.

ಫಿಲ್ಟರ್ ನಿಜವಾಗಿ ಸೋಲುವುದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಸೆಲ್ಲುಗಳ ಮುಂದೆ. ಇವುಗಳ ವೋಲ್ಟೇಜ್ ರೇಖೆ ಮಧ್ಯಭಾಗದಲ್ಲಿ 3.3 ವೋಲ್ಟಿನ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಸಮತಟ್ಟು. ಅಲ್ಲಿ ಶೇ. 1 ಚಾರ್ಜಿಗೆ ಅರ್ಧ ಮಿಲಿವೋಲ್ಟ್ ಬದಲಾವಣೆ ಎಂದಿಟ್ಟುಕೊಂಡರೆ, ಶೇ. 5ರ ಅನಿಶ್ಚಿತತೆ ಎರಡೂವರೆ ಮಿಲಿವೋಲ್ಟಿಗೆ ಸಮ. 10 ಮಿಲಿವೋಲ್ಟಿನ ತಪ್ಪಿನ ಎದುರು ಅದು ಕಾಣುವುದೇ ಇಲ್ಲ. ಮೇಲಿನದೇ ಲೆಕ್ಕ ಮಾಡಿದರೆ ಅನಿಶ್ಚಿತತೆ 5ರಿಂದ ಇಳಿದು ಬರುವುದು 4.85ಕ್ಕೆ ಮಾತ್ರ. ಸಾಲದ್ದಕ್ಕೆ, ಚಾರ್ಜ್ ಮಾಡಿ ಆ ಮಟ್ಟಕ್ಕೆ ಬಂದ ಸೆಲ್ಲಿಗೂ ಖರ್ಚು ಮಾಡಿ ಅದೇ ಮಟ್ಟಕ್ಕೆ ಬಂದ ಸೆಲ್ಲಿಗೂ ವಿರಾಮದ ವೋಲ್ಟೇಜ್ ಬೇರೆ ಇರುತ್ತದೆ. ಅಲ್ಲಿ ಫಿಲ್ಟರ್ ಹೆಚ್ಚುಕಡಿಮೆ ಬರೀ ಕರೆಂಟಿನ ಲೆಕ್ಕವಾಗಿ ಉಳಿಯುತ್ತದೆ, ಆ ಲೆಕ್ಕದ ತಪ್ಪೂ ದಿನದಿನಕ್ಕೆ ಬೆಳೆಯುತ್ತದೆ. ರೇಖೆ ಮತ್ತೆ ಕಡಿದಾಗುವುದು ಎರಡು ತುದಿಗಳಲ್ಲಿ, ಪೂರ್ತಿ ಖಾಲಿಯ ಹತ್ತಿರ ಮತ್ತು ಪೂರ್ತಿ ತುಂಬಿದಾಗ. ಎಲ್‌ಎಫ್‌ಪಿ ಬ್ಯಾಟರಿಯ ಕಾರುಗಳನ್ನು ವಾರಕ್ಕೊಮ್ಮೆಯಾದರೂ ಶೇ. 100ರವರೆಗೆ ಚಾರ್ಜ್ ಮಾಡಿ ಎಂದು ಟೆಸ್ಲಾ ಸಲಹೆ ಕೊಡುವುದರ ಹಿಂದೆ ಈ ಲೆಕ್ಕವೂ ಇದೆ: ಆ ಕಡಿದಾದ ತುದಿಯನ್ನು ಮುಟ್ಟಿದಾಗ ಕೆಲವು ಮಿಲಿವೋಲ್ಟುಗಳೇ ಚಾರ್ಜನ್ನು ಸ್ಪಷ್ಟವಾಗಿ ಹೇಳಬಲ್ಲವು, ವಾರದ ತಪ್ಪು ಅಲ್ಲಿ ಅಳಿಸಿಹೋಗುತ್ತದೆ.